ಸದ್ದು ಮಾಡದ ಫೋನನ್ನು ನಂಬುವುದು ಹೇಗೆ?

ನನ್ನ ಮೊದಲ ಕ್ಲಾಸ್ ಬೆಳಿಗ್ಗೆ 9:30ಕ್ಕೆ. ಕೊನೆಯ ಲ್ಯಾಬ್ ಮುಗಿಯುವುದು ಮಧ್ಯಾಹ್ನ 3:30ಕ್ಕೆ. ಶೇರು ಪೇಟೆ ತೆರೆಯುವುದು 9:15ಕ್ಕೆ, ಮುಚ್ಚುವುದು 3:30ಕ್ಕೆ. ಅಂದರೆ ಪೇಟೆ ನಡೆಯುವ ಅಷ್ಟೂ ಹೊತ್ತು ನಾನು ಪಾಲಿಟೆಕ್ನಿಕ್‌ನ ಬೋರ್ಡಿನ ಮುಂದೆ ಇರುತ್ತೇನೆ. ಫೋನ್ ಪ್ಯಾಂಟಿನ ಜೇಬಿನಲ್ಲಿ ಇರುತ್ತದೆ. ಹೀಗಿದ್ದೂ ನನ್ನ ಡಿಮ್ಯಾಟ್ ಖಾತೆಯಲ್ಲಿ ಸಾಮಾನ್ಯವಾಗಿ ಹನ್ನೆರಡರಿಂದ ಹದಿನಾಲ್ಕು ಶೇರುಗಳ ಪೊಸಿಷನ್ ತೆರೆದಿರುತ್ತದೆ. ಕೆಲವು ಮೂರು ವಾರ ಇರುತ್ತವೆ, ಕೆಲವು ನಾಲ್ಕು ತಿಂಗಳು.

ಮೊದಲ ಎರಡು ವರ್ಷ ಪ್ರತಿ ಪಿರಿಯಡ್ ಮುಗಿದ ಮೇಲೆ ಆ್ಯಪ್ ತೆರೆದು ಹದಿನಾಲ್ಕೂ ಬೆಲೆ ನೋಡುತ್ತಿದ್ದೆ. ಹೇಳಿದ ಬೆಲೆ ಮುಟ್ಟಿದರೆ ಫೋನ್ ಸದ್ದು ಮಾಡುವ ಹಾಗೆ ಅಲರ್ಟ್‌ಗಳನ್ನೂ ಹಾಕಿದ್ದೆ. ಆದರೂ ನೋಡುವುದು ನಿಲ್ಲಲಿಲ್ಲ. ಯಾಕೆ ಅಂತ ಗೊತ್ತಾಗಿದ್ದು ನಮ್ಮ ಚಿಕ್ಕಪ್ಪನ ತೋಟದಲ್ಲಿ.

ಚಿಕ್ಕಪ್ಪನದು ಚನ್ನಗಿರಿ ಕಡೆ ಅಡಿಕೆ ತೋಟ. ಬೋರ್‌ವೆಲ್ ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದಾರೆ. ತ್ರೀ ಫೇಸ್ ಕರೆಂಟ್ ಬಂದರೆ ಅವರ ಫೋನಿಗೆ ಕಾಲ್ ಬರುತ್ತದೆ. ನೀರು ನಿಂತು ಮೋಟಾರ್ ಒಣಗಿ ಓಡಿದರೆ ಅದೇ ಆಫ್ ಆಗಿ ಇನ್ನೊಂದು ಕಾಲ್ ಮಾಡುತ್ತದೆ. ನಾನು ಹೋಗಿದ್ದ ದಿನ ರಾತ್ರಿ ಊಟಕ್ಕೆ ಮುಂಚೆ ಅವರು ಸ್ಟಾರ್ಟರ್‌ನ ನಂಬರಿಗೆ ತಾವೇ ಫೋನ್ ಮಾಡಿ ಕಿವಿಗಿಟ್ಟುಕೊಂಡರು. "ಅದೇ ಫೋನ್ ಮಾಡತ್ತಲ್ಲ ಚಿಕ್ಕಪ್ಪ, ನೀವ್ಯಾಕೆ ಮಾಡ್ತೀರಿ?" ಅಂದೆ.

"ಅಲ್ಲಪ್ಪಾ, ಅದು ಫೋನ್ ಮಾಡಲಿಲ್ಲ ಅಂದ್ರೆ ಕರೆಂಟ್ ಬಂದಿಲ್ಲ ಅಂತಾನೇ ಯಾಕೆ ಅಂದ್ಕೋಬೇಕು? ಸಿಮ್ಮಲ್ಲಿ ಕರೆನ್ಸಿ ಮುಗಿದಿರಬಹುದು. ಹೋದ ಬೇಸಿಗೆ ಹಂಗೇ ಆಗಿ ಮೂರು ರಾತ್ರಿ ನೀರು ಬಿಡಲಿಲ್ಲ. ಅದಕ್ಕೇ ದಿನಾ ಒಂದ್ಸಲ ಮಾತಾಡಿಸ್ತೀನಿ."

ನನ್ನ ತೊಂದರೆಯೂ ಇದೇ ಆಗಿತ್ತು. ಫೋನ್ ಸದ್ದು ಮಾಡಿದರೆ ಏನು ಮಾಡಬೇಕು ಅಂತ ನನಗೆ ಗೊತ್ತಿತ್ತು. ಸದ್ದು ಮಾಡದೇ ಇದ್ದಾಗ ಎಲ್ಲ ಸರಿ ಇದೆ ಅಂತ ನಂಬಲು ಆಗುತ್ತಿರಲಿಲ್ಲ. ಆ ನಂಬಿಕೆ ಬರುವ ತನಕ ಮನುಷ್ಯ ಪರದೆ ನೋಡುವುದನ್ನು ಬಿಡುವುದಿಲ್ಲ. ನಾನು ಆ ನಂಬಿಕೆಯನ್ನು ಹೇಗೆ ಕಟ್ಟಿಕೊಂಡೆ, ಎಲ್ಲೆಲ್ಲಿ ಅದು ಮುರಿಯಿತು ಅನ್ನುವುದನ್ನು ಬರೆಯುತ್ತೇನೆ. ಇದು ಡೆಲಿವರಿ ತೆಗೆದುಕೊಂಡು ವಾರಗಟ್ಟಲೆ ಇಟ್ಟುಕೊಳ್ಳುವವರ ಮಾತು. ಇಂಟ್ರಾಡೇ ಮಾಡುವವರಿಗೆ ಇದು ಸಾಲದು.

ಮೊದಲು ಒಂದು ಗೆರೆ ಎಳೆದುಕೊಳ್ಳಬೇಕು. ನನ್ನ ತೀರ್ಮಾನ ಬೇಕಿಲ್ಲದ ಕೆಲಸವನ್ನು ಅಲರ್ಟ್‌ಗೆ ಕೊಡಬಾರದು. ಈ ಬೆಲೆ ಮುಟ್ಟಿದರೆ ಮಾರಲೇಬೇಕು ಅಂತ ನಿರ್ಧಾರ ಆಗಿದ್ದರೆ ಅದು ಬ್ರೋಕರ್ ಹತ್ತಿರ ಆರ್ಡರ್ ಆಗಿ ಕೂತಿರಬೇಕು. ನಮ್ಮಲ್ಲಿ ಇದಕ್ಕೆ ಜಿಟಿಟಿ ಅನ್ನುವ ಆರ್ಡರ್ ಇದೆ. ಮಾಮೂಲಿ ಸ್ಟಾಪ್‌ಲಾಸ್ ಆರ್ಡರ್ ಅವತ್ತಿನ ಸಂಜೆಗೆ ರದ್ದಾಗುತ್ತದೆ. ಜಿಟಿಟಿ ಬ್ರೋಕರ್‌ನ ಸಿಸ್ಟಮ್‌ನಲ್ಲಿ ತಿಂಗಳುಗಟ್ಟಲೆ ಕಾದಿರುತ್ತದೆ. ಟ್ರಿಗರ್ ಬೆಲೆ ಬಂದ ಕೂಡಲೇ ಆರ್ಡರನ್ನು ಎಕ್ಸ್‌ಚೇಂಜಿಗೆ ಕಳಿಸುತ್ತದೆ. ನಾನು ಥರ್ಮೋಡೈನಾಮಿಕ್ಸ್ ಪಾಠ ಮಾಡುತ್ತಿದ್ದರೂ ಅದು ತನ್ನ ಕೆಲಸ ಮಾಡುತ್ತದೆ.

ಇದರಲ್ಲಿ ಎರಡು ಗುಂಡಿಗಳಿವೆ. ಎರಡಕ್ಕೂ ನಾನು ಬಿದ್ದಿದ್ದೇನೆ. ಮೊದಲನೆಯದು, ಮಾರುವ ಅನುಮತಿ. ಡಿಮ್ಯಾಟ್‌ನಲ್ಲಿರುವ ಶೇರು ಮಾರಬೇಕಾದರೆ ಟಿಪಿನ್ ಹಾಕಿ ಒಪ್ಪಿಗೆ ಕೊಡಬೇಕು, ಇಲ್ಲವೇ ಡಿಡಿಪಿಐ ಅನ್ನುವ ಪತ್ರಕ್ಕೆ ಒಂದು ಸಲ ಸಹಿ ಹಾಕಿರಬೇಕು. ನಾನು ಹಾಕಿರಲಿಲ್ಲ. ಒಂದು ದಿನ "ಜಿಟಿಟಿ ಟ್ರಿಗರ್ ಆಗಿದೆ" ಅಂತ ಮೆಸೇಜ್ ಬಂತು. ಮಾರಾಟ ಆಯಿತು ಅಂತ ನಿಶ್ಚಿಂತೆಯಿಂದ ಮುಂದಿನ ಕ್ಲಾಸಿಗೆ ಹೋದೆ. ಸಂಜೆ ನೋಡಿದರೆ ಆರ್ಡರ್ ರಿಜೆಕ್ಟ್ ಆಗಿತ್ತು. ಶೇರು ಖಾತೆಯಲ್ಲೇ ಇತ್ತು, ಬೆಲೆ ಇನ್ನೂ ನಾಲ್ಕು ಪರ್ಸೆಂಟ್ ಇಳಿದಿತ್ತು. ಟ್ರಿಗರ್ ಆಗುವುದು ಬೇರೆ, ಆರ್ಡರ್ ಪೂರ್ತಿ ಆಗುವುದು ಬೇರೆ. ಈಗ ಡಿಡಿಪಿಐ ಮಾಡಿಸಿದ್ದೇನೆ. ಟ್ರಿಗರ್ ಮೆಸೇಜ್ ಬಂದರೂ ಆರ್ಡರ್ ಬುಕ್ಕಿನಲ್ಲಿ "Complete" ಅಂತ ಕಾಣುವ ತನಕ ಮಾರಿದೆ ಅಂತ ಲೆಕ್ಕ ಬರೆಯುವುದಿಲ್ಲ.

ಎರಡನೆಯದು ಗ್ಯಾಪ್. ಟ್ರಿಗರ್ 608, ಲಿಮಿಟ್ 607 ಅಂತ ಹಾಕಿರುತ್ತೀರಿ. ರಾತ್ರಿ ಕೆಟ್ಟ ಸುದ್ದಿ ಬಂದು ಬೆಳಿಗ್ಗೆ ಶೇರು 590ಕ್ಕೆ ತೆರೆಯುತ್ತದೆ. ಟ್ರಿಗರ್ ಆಗುತ್ತದೆ. ಆದರೆ 607ಕ್ಕೆ ಕೊಳ್ಳುವವರು ಯಾರೂ ಇಲ್ಲ, ಆರ್ಡರ್ ಹಾಗೇ ನಿಂತಿರುತ್ತದೆ. ಅದಕ್ಕೇ ಲಿಮಿಟ್ ಬೆಲೆಯನ್ನು ಟ್ರಿಗರ್‌ಗಿಂತ ಎರಡು ಮೂರು ಪರ್ಸೆಂಟ್ ಕೆಳಗೆ ಇಡುತ್ತೇನೆ. ಮಾರುವ ಲಿಮಿಟ್ ಅಂದರೆ ಕನಿಷ್ಠ ಬೆಲೆ ಅಷ್ಟೇ ಅಲ್ವಾ, ಮೇಲಿನ ಬೆಲೆ ಸಿಕ್ಕರೆ ಮೇಲಿನದಕ್ಕೇ ಹೋಗುತ್ತದೆ. ಅದಕ್ಕೂ ದೊಡ್ಡ ಗ್ಯಾಪ್ ಬಂದರೆ ಯಾವ ಅಲರ್ಟೂ ಯಾವ ಆರ್ಡರೂ ಕಾಪಾಡುವುದಿಲ್ಲ. ಅಲ್ಲಿ ಕಾಪಾಡುವುದು ಎಷ್ಟು ಶೇರು ಕೊಂಡಿದ್ದೆವು ಅನ್ನುವುದು ಮಾತ್ರ.

ಹೀಗೆ ಕೆಳಗಿನ ಬೇಲಿ ಆರ್ಡರಿಗೆ ಹೋಯಿತು. ಇನ್ನು ಅಲರ್ಟ್‌ಗೆ ಉಳಿಯುವುದು ನಾನು ಏನಾದರೂ ಮಾಡಬೇಕಾದ ಜಾಗಗಳು ಮಾತ್ರ. ಒಂದು ಪೊಸಿಷನ್ ತೆಗೆದುಕೊಂಡು ಪೂರ್ತಿ ಹೇಳುತ್ತೇನೆ.

ಪೈಪ್ ತಯಾರಿಸುವ ಒಂದು ಮಧ್ಯಮ ಗಾತ್ರದ ಕಂಪನಿ. 640 ರೂಪಾಯಿಗೆ 50 ಶೇರು ಕೊಂಡೆ. ಅವತ್ತು ಅದರ 14 ದಿನದ ಎಟಿಆರ್ 16 ರೂಪಾಯಿ ಇತ್ತು. ಎಟಿಆರ್ ಅಂದರೆ ಶೇರು ಒಂದು ದಿನದಲ್ಲಿ ಸಾಮಾನ್ಯವಾಗಿ ಎಷ್ಟು ರೂಪಾಯಿ ಮೇಲೆ ಕೆಳಗೆ ಆಡುತ್ತದೆ ಅನ್ನುವ ಸರಾಸರಿ. 1978ರಲ್ಲಿ ವೆಲ್ಲೆಸ್ ವೈಲ್ಡರ್ ಅನ್ನುವವರು ಆರ್‌ಎಸ್‌ಐ ಅನ್ನುವ ಇನ್ನೊಂದು ಅಳತೆಯ ಜೊತೆಗೇ ಇದನ್ನೂ ಪರಿಚಯಿಸಿದರು. ನನಗೆ ಅಲರ್ಟ್ ಹಾಕುವಾಗ ಆರ್‌ಎಸ್‌ಐಗಿಂತ ಇದೇ ಜಾಸ್ತಿ ಬೇಕಾಗುತ್ತದೆ. ದಿನಕ್ಕೆ 16 ರೂಪಾಯಿ ಆಡುವ ಶೇರಿಗೆ 10 ರೂಪಾಯಿ ದೂರದಲ್ಲಿ ಅಲರ್ಟ್ ಇಟ್ಟರೆ ಅದು ಸುದ್ದಿಯಲ್ಲ, ಆ ಶೇರಿನ ಉಸಿರಾಟ. ನನ್ನ ಹಳೆಯ ಅಲರ್ಟ್‌ಗಳಲ್ಲಿ ಮುಕ್ಕಾಲು ಪಾಲು ಅಂಥವೇ ಆಗಿದ್ದವು. ಎಲ್ಲ ಶೇರಿಗೂ ಒಂದೇ ಅಳತೆಯಲ್ಲಿ ಮೂರು ಪರ್ಸೆಂಟ್ ಅಂತ ಹಾಕುತ್ತಿದ್ದೆ. ನಿಧಾನದ ಎಫ್‌ಎಂಸಿಜಿ ಶೇರಿಗೆ ಅದು ಜಾಸ್ತಿ ದೂರ, ಸಣ್ಣ ಕಂಪನಿ ಶೇರಿಗೆ ತೀರಾ ಹತ್ತಿರ.

ಪೈಪ್ ಶೇರಿಗೆ ಎರಡು ಎಟಿಆರ್ ಕೆಳಗೆ, ಅಂದರೆ 608ಕ್ಕೆ ಜಿಟಿಟಿ ಹಾಕಿದೆ. ಕೆಟ್ಟರೆ 1,600 ರೂಪಾಯಿ ಹೋಗುತ್ತದೆ. ಮೂರು ಎಟಿಆರ್ ಮೇಲೆ, 688ಕ್ಕೆ ಒಂದು ಬೆಲೆ ಅಲರ್ಟ್ ಹಾಕಿದೆ. ಅದರ ಮೆಸೇಜ್ ಜಾಗದಲ್ಲಿ ಹೀಗೆ ಬರೆದೆ: "ಪೈಪ್ 688. ಜಿಟಿಟಿ ಟ್ರಿಗರ್ 642ಕ್ಕೆ ಏರಿಸು. ಮಾರಬೇಡ. ಇವತ್ತೇ ಮಾಡಿದರೆ ಸಾಕು." ಕೊಂಡ ಬೆಲೆ 640 ಇದ್ದರೂ 642 ಅಂತ ಬರೆದದ್ದು ಖರ್ಚಿಗಾಗಿ. ಡೆಲಿವರಿಯಲ್ಲಿ ಕೊಳ್ಳುವಾಗ 0.1 ಪರ್ಸೆಂಟ್, ಮಾರುವಾಗ 0.1 ಪರ್ಸೆಂಟ್ ಎಸ್‌ಟಿಟಿ ಅನ್ನುವ ತೆರಿಗೆ ಹೋಗುತ್ತದೆ, ಜೊತೆಗೆ ಚಿಲ್ಲರೆ ಶುಲ್ಕಗಳು.

ಈ ಮೆಸೇಜ್ ಜಾಗವನ್ನು ಬಹಳ ಜನ ಖಾಲಿ ಬಿಡುತ್ತಾರೆ, ಅಥವಾ ತಾನಾಗಿಯೇ ಬರುವ "Crossing 688.00" ಅನ್ನುವುದನ್ನೇ ಇಟ್ಟುಕೊಳ್ಳುತ್ತಾರೆ. ನನ್ನ ಪ್ರಕಾರ ಅಲರ್ಟ್‌ನಲ್ಲಿ ಬೆಲೆಗಿಂತ ಮುಖ್ಯವಾದದ್ದು ಈ ಮೆಸೇಜ್. ಭಾನುವಾರ ಸಂಜೆ ಸಮಾಧಾನವಾಗಿ ಕೂತು ಯೋಚಿಸಿದವನು ಬುಧವಾರ ಹನ್ನೊಂದೂವರೆಗೆ ಕಾರಿಡಾರಿನಲ್ಲಿ ನಿಂತವನಿಗೆ ಬರೆಯುವ ಚೀಟಿ ಅದು. ಬರೆಯಲು ಕೂತಾಗಲೇ ಒಂದು ವಿಷಯ ಗೊತ್ತಾಗುತ್ತದೆ. "ಏನು ಮಾಡು" ಅಂತ ಬರೆಯಲು ಏನೂ ಹೊಳೆಯದಿದ್ದರೆ ಆ ಅಲರ್ಟ್ ಬೇಕಿಲ್ಲ. ಮೊದಲು ನಾನು, ಬೆಲೆ ಜಿಟಿಟಿಯ ಹತ್ತಿರ ಬಂದಾಗ ಎಚ್ಚರಿಸಲಿ ಅಂತ, 624ರಂಥ ಜಾಗದಲ್ಲೂ ಒಂದು ಇಡುತ್ತಿದ್ದೆ. ಅದು ಬಂದಾಗ ಮಾಡುವುದು ಏನೂ ಇರುತ್ತಿರಲಿಲ್ಲ, ಹೆದರುವುದು ಮಾತ್ರ. ಅಂಥವನ್ನೆಲ್ಲ ಅಳಿಸಿದೆ.

ಮುಂದೆ ಆದದ್ದು ಇಷ್ಟು. ಒಂಬತ್ತನೇ ದಿನ ಶೇರು 615ರ ತನಕ ಇಳಿದು ವಾಪಸ್ ಬಂತು. ನನಗೆ ಗೊತ್ತೇ ಆಗಲಿಲ್ಲ, ಭಾನುವಾರ ಚಾರ್ಟ್ ನೋಡಿದಾಗ ತಿಳಿಯಿತು. ಐದನೇ ವಾರದಲ್ಲಿ 688 ಮುಟ್ಟಿ ಮೆಸೇಜ್ ಬಂತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಎರಡು ನಿಮಿಷದಲ್ಲಿ ಜಿಟಿಟಿ ಏರಿಸಿದೆ. ಆಮೇಲೆ 730ರ ತನಕ ಹೋಗಿ ತಿರುಗಿತು. ಅದನ್ನು ಹಿಡಿದದ್ದು ಬೆಲೆ ಅಲರ್ಟ್ ಅಲ್ಲ, ಇಂಡಿಕೇಟರ್ ಅಲರ್ಟ್.

ಇಂಡಿಕೇಟರ್ ಅಲರ್ಟ್ ಯಾಕೆ ಬೇಕು ಅಂದರೆ, ಅದರ ಗೆರೆ ತಾನಾಗಿ ಚಲಿಸುತ್ತದೆ. ಬೆಲೆ ಅಲರ್ಟ್ ಹಾಕಿದಲ್ಲೇ ನಿಂತಿರುತ್ತದೆ. ಶೇರು ಏರಿದ ಹಾಗೆ ಅದನ್ನು ನಾನೇ ಎತ್ತಿಡಬೇಕು. 20 ದಿನದ ಇಎಂಎ, ಅಂದರೆ ಹತ್ತಿರದ ದಿನಗಳ ಬೆಲೆಗೆ ಜಾಸ್ತಿ ತೂಕ ಕೊಡುವ ಸರಾಸರಿಯ ಗೆರೆ, ಶೇರಿನ ಹಿಂದೆಯೇ ಏರುತ್ತಾ ಬರುತ್ತದೆ. ನನ್ನ ನಿಯಮ ಸರಳ: ಲಾಭದಲ್ಲಿರುವ ಶೇರು 20 ದಿನದ ಇಎಂಎಗಿಂತ ಕೆಳಗೆ ಮುಚ್ಚಿದರೆ ಮರುದಿನ ಬೆಳಿಗ್ಗೆ ಮಾರು.

ಇಲ್ಲಿ "ಮುಚ್ಚಿದರೆ" ಅನ್ನುವ ಮಾತಿನ ಮೇಲೆ ಎಲ್ಲ ನಿಂತಿದೆ. ಟ್ರೇಡಿಂಗ್‌ವ್ಯೂ ಅನ್ನುವ ಚಾರ್ಟ್ ಆ್ಯಪಿನಲ್ಲಿ ಅಲರ್ಟ್ ಹಾಕುವಾಗ ಯಾವಾಗ ಸದ್ದು ಮಾಡಬೇಕು ಅಂತ ಕೇಳುತ್ತದೆ. `Only Once`, `Once Per Bar`, `Once Per Bar Close` ಹೀಗೆ. ದಿನದ ಚಾರ್ಟಿನಲ್ಲಿ `Once Per Bar` ಇಟ್ಟರೆ 10:05ಕ್ಕೆ ಶೇರು ಒಂದು ಕ್ಷಣ ಇಎಂಎ ಕೆಳಗೆ ಇಳಿದರೂ ಮೆಸೇಜ್ ಬರುತ್ತದೆ. ಹನ್ನೊಂದು ಗಂಟೆಗೆ ಅದು ಮೇಲೆ ಬಂದಿರುತ್ತದೆ. ಸಂಜೆ ಚಾರ್ಟ್ ನೋಡಿದರೆ ಶೇರು ಗೆರೆಯ ಮೇಲೆಯೇ ಮುಚ್ಚಿರುತ್ತದೆ. ಅಲ್ಲದೆ ದಿನ ನಡೆಯುತ್ತಿರುವಾಗ ಇಎಂಎ ಕೂಡ ಆ ಕ್ಷಣದ ಬೆಲೆಯ ಜೊತೆ ಅಲ್ಲಾಡುತ್ತಿರುತ್ತದೆ. ಕ್ಯಾಂಡಲ್, ಅಂದರೆ ಚಾರ್ಟಿನಲ್ಲಿ ಆ ದಿನದ ಬೆಲೆ ತೋರಿಸುವ ಕಂಬ, ಮುಗಿದ ಮೇಲೆ ಮಾತ್ರ ಆ ಗೆರೆ ಗಟ್ಟಿಯಾಗುತ್ತದೆ. ಹಾಗಾಗಿ ಇಂಡಿಕೇಟರ್ ಅಂದರೆ ನನಗೆ ಯಾವಾಗಲೂ `Once Per Bar Close`. ಮೆಸೇಜ್ 3:30ಕ್ಕೆ ಬರುತ್ತದೆ, ಆಗ ಪೇಟೆ ಮುಚ್ಚಿರುತ್ತದೆ. ಮರುದಿನ ಬೆಳಿಗ್ಗೆ ಒಂದಿಷ್ಟು ರೂಪಾಯಿ ಕಡಿಮೆಗೆ ಮಾರಬೇಕಾಗಬಹುದು. ಕ್ಲಾಸಿನ ಮಧ್ಯೆ ಬರುವ ಸುಳ್ಳು ಮೆಸೇಜುಗಳ ಬದಲಿಗೆ ನಾನು ಈ ಬೆಲೆ ಕೊಡಲು ತಯಾರಿದ್ದೇನೆ. ಅವತ್ತೇ ಮಾರಬೇಕು ಅನ್ನುವವರು 75 ನಿಮಿಷದ ಕ್ಯಾಂಡಲ್ ಬಳಸುತ್ತಾರೆ. ನಮ್ಮ ಪೇಟೆ ದಿನಕ್ಕೆ 375 ನಿಮಿಷ ನಡೆಯುತ್ತದೆ, ಅದು ಸರಿಯಾಗಿ ಐದು ಭಾಗ ಆಗುತ್ತದೆ. ಒಂದು ಗಂಟೆಯ ಕ್ಯಾಂಡಲ್ ಹಾಕಿದರೆ ಕೊನೆಯದು ಹದಿನೈದೇ ನಿಮಿಷದ ಮೊಟಕು ಕ್ಯಾಂಡಲ್ ಆಗಿ ಲೆಕ್ಕ ಕೆಡಿಸುತ್ತದೆ.

ಇನ್ನೊಂದು ಸೂಕ್ಷ್ಮ ನನಗೆ ತಡವಾಗಿ ತಿಳಿಯಿತು. ಒಂದು ಶೇರು ಇಎಂಎಗಿಂತ 60 ಪೈಸೆ ಕೆಳಗೆ ಮುಚ್ಚಿದೆ ಅಂತ ಮೆಸೇಜ್ ಬಂದಿತ್ತು. ರಾತ್ರಿ ನೋಡಿದರೆ ಕ್ಲೋಸಿಂಗ್ ಬೆಲೆ ಇಎಂಎಗಿಂತ ಮೇಲಿದೆ! ಅಲರ್ಟ್ ಸುಳ್ಳು ಹೇಳಿರಲಿಲ್ಲ. ಆಗ ಎನ್‌ಎಸ್‌ಇಯಲ್ಲಿ ಶೇರಿನ ಅಧಿಕೃತ ಕ್ಲೋಸಿಂಗ್ ಬೆಲೆ ಅಂದರೆ 3:30ರ ಕೊನೆಯ ವಹಿವಾಟಿನ ಬೆಲೆ ಆಗಿರಲಿಲ್ಲ. ಕೊನೆಯ ಅರ್ಧ ಗಂಟೆಯ ವಹಿವಾಟುಗಳ ತೂಕದ ಸರಾಸರಿ ಆಗಿತ್ತು. ಅಲರ್ಟ್ ನೋಡಿದ್ದು ಕೊನೆಯ ವಹಿವಾಟನ್ನು, ನಾನು ರಾತ್ರಿ ನೋಡಿದ್ದು ಸರಾಸರಿಯನ್ನು. ಪೈಸೆಗಳ ಮೇಲೆ ನಿಂತ ತೀರ್ಮಾನ ಹೀಗೇ ಆಗುತ್ತದೆ. ಅವತ್ತಿನಿಂದ ಗೆರೆಗೆ ಸ್ವಲ್ಪ ದಪ್ಪ ಕೊಟ್ಟಿದ್ದೇನೆ. ಇಎಂಎಗಿಂತ ಕಾಲು ಎಟಿಆರ್ ಕೆಳಗೆ ಮುಚ್ಚಿದರೆ ಮಾತ್ರ ಮೆಸೇಜ್ ಬರಬೇಕು.

ಪೈಪ್ ಶೇರಿನಲ್ಲಿ ಅವತ್ತು ಇಎಂಎ 704, ಎಟಿಆರ್ 18. ಕಾಲು ಭಾಗ ಅಂದರೆ 4.50. ಹಾಗಾಗಿ ಬೇಲಿ 699.50. ಶೇರು 697ಕ್ಕೆ ಮುಚ್ಚಿತು, ಮೆಸೇಜ್ ಬಂತು. ಮರುದಿನ ಕ್ಲಾಸಿಗೆ ಮುಂಚೆ 695ಕ್ಕೆ ಮಾರಿದೆ. ಖರ್ಚು ಕಳೆಯದೆ ಹೇಳುವುದಾದರೆ 2,750 ರೂಪಾಯಿ ಲಾಭ. ಎರಡು ತಿಂಗಳಲ್ಲಿ ಆ ಶೇರಿಗಾಗಿ ನಾನು ಫೋನ್ ತೆಗೆದದ್ದು ಮೂರು ಸಲ.

ಹದಿನಾಲ್ಕು ಶೇರಿಗೂ ಹೀಗೆ ಬೇರೆ ಬೇರೆ ಇಂಡಿಕೇಟರ್ ಅಲರ್ಟ್ ಹಾಕಿದರೆ ನಿಭಾಯಿಸುವುದು ಕಷ್ಟ, ಪ್ಲಾನಿನ ಮಿತಿಯೂ ಮುಗಿದು ಹೋಗುತ್ತದೆ. ಎಲ್ಲಕ್ಕೂ ನಿಯಮ ಒಂದೇ ಆಗಿರುವುದರಿಂದ ಟ್ರೇಡಿಂಗ್‌ವ್ಯೂನ ಪೈನ್ ಸ್ಕ್ರಿಪ್ಟ್ ಭಾಷೆಯಲ್ಲಿ ಒಂದು ಚಿಕ್ಕ ಪಟ್ಟಿ ಬರೆದುಕೊಂಡಿದ್ದೇನೆ. ಒಂದು ಸ್ಕ್ರಿಪ್ಟ್ 40 ಶೇರುಗಳ ತನಕ ಬೇರೆ ಚಾರ್ಟಿನ ಡೇಟಾ ಕೇಳಬಹುದು.

```
//@version=5
indicator("Kavalu", overlay=true)

kavalu(sym) =>
    hit = request.security(sym, "D", ta.crossunder(close, ta.ema(close, 20) - 0.25 * ta.atr(14)))
    if hit
        alert(sym + " : EMA 20 ಕೆಳಗೆ ಮುಚ್ಚಿದೆ", alert.freq_once_per_bar_close)

kavalu("NSE:INFY")
kavalu("NSE:TATASTEEL")
```

ಕೊನೆಯ ಎರಡು ಹೆಸರು ಉದಾಹರಣೆಗೆ ಮಾತ್ರ, ಕೊಳ್ಳಿ ಅಂತ ಅಲ್ಲ. ನಿಮ್ಮ ಶೇರುಗಳನ್ನು ಒಂದೊಂದು ಸಾಲಿನಲ್ಲಿ ಬರೆದುಕೊಳ್ಳಿ. ನಿಫ್ಟಿಯ ದಿನದ ಚಾರ್ಟಿನ ಮೇಲೆ ಇದನ್ನು ಹಾಕಿ, ಅಲರ್ಟ್‌ನ ಷರತ್ತಿನಲ್ಲಿ `Any alert() function call` ಆರಿಸಿದರೆ ಒಂದೇ ಅಲರ್ಟ್ ಎಲ್ಲವನ್ನೂ ಕಾಯುತ್ತದೆ.

ಇದರಲ್ಲಿ ಮೌನ ಮೋಸ ಮಾಡುವ ಜಾಗ ಎರಡಿದೆ. `crossunder` ಅಂದರೆ ದಾಟುವುದು. ನಿನ್ನೆ ಮೇಲಿದ್ದದ್ದು ಇವತ್ತು ಕೆಳಗೆ ಬಂದರೆ ಮಾತ್ರ ಸದ್ದು. ನೀವು ಪಟ್ಟಿಗೆ ಸೇರಿಸುವ ದಿನವೇ ಶೇರು ಗೆರೆಯ ಕೆಳಗಿದ್ದರೆ ಅದು ಎಷ್ಟೇ ಇಳಿದರೂ ಮೆಸೇಜ್ ಬರುವುದಿಲ್ಲ, ದಾಟುವುದು ಆಗಲೇ ಆಗಿಹೋಗಿದೆ. ಸೇರಿಸುವಾಗ ಅದು ಗೆರೆಯ ಯಾವ ಕಡೆ ಇದೆ ಅಂತ ನೋಡಿಯೇ ಸೇರಿಸಬೇಕು. ಎರಡನೆಯದು, ಅಲರ್ಟ್ ಹಾಕಿದ ಕ್ಷಣದಲ್ಲಿ ಸ್ಕ್ರಿಪ್ಟ್ ಹೇಗಿತ್ತೋ ಅದರ ಒಂದು ಪ್ರತಿ ಸರ್ವರಿನಲ್ಲಿ ಓಡುತ್ತಿರುತ್ತದೆ. ಆಮೇಲೆ ಚಾರ್ಟಿನಲ್ಲಿ 20ರ ಬದಲು 50 ಮಾಡಿದರೂ, ಪಟ್ಟಿಗೆ ಹೊಸ ಶೇರು ಸೇರಿಸಿದರೂ ಹಳೆಯ ಅಲರ್ಟ್‌ಗೆ ಅದು ಗೊತ್ತಾಗುವುದಿಲ್ಲ. ನಾನು ಮೂರು ಹೊಸ ಶೇರು ಸೇರಿಸಿ ಸೇವ್ ಮಾಡಿ ಎರಡು ವಾರ ಸುಮ್ನೆ ಇದ್ದೆ. ಆ ಮೂರನ್ನೂ ಯಾರೂ ಕಾಯುತ್ತಿರಲಿಲ್ಲ. ಪಟ್ಟಿ ಬದಲಾದ ದಿನ ಹಳೆಯ ಅಲರ್ಟ್ ಅಳಿಸಿ ಹೊಸದು ಹಾಕಲೇಬೇಕು.

ಇದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಬೋನಸ್. ಒಂದು ಶೇರು 1,240ರಲ್ಲಿತ್ತು. ಕೆಳಗೆ 1,150ಕ್ಕೆ, ಮೇಲೆ 1,400ಕ್ಕೆ ಬೆಲೆ ಅಲರ್ಟ್ ಇತ್ತು. ಕಂಪನಿ ಒಂದಕ್ಕೊಂದು ಬೋನಸ್ ಘೋಷಿಸಿದ್ದು ನನಗೆ ನೆನಪಿತ್ತು, ಅದಕ್ಕೆ ತಕ್ಕಂತೆ ಬೆಲೆ ಅರ್ಧವಾಗುವ ಎಕ್ಸ್ ಡೇಟ್ ಯಾವತ್ತು ಅನ್ನುವುದು ಮರೆತಿತ್ತು. ಅವತ್ತು ಬೆಳಿಗ್ಗೆ 9:15ಕ್ಕೆ ಮೆಸೇಜ್: 1,150ಕ್ಕಿಂತ ಕೆಳಗೆ. ಆ್ಯಪ್ ತೆರೆದರೆ 622, ಖಾತೆಯಲ್ಲಿ ಅರ್ಧ ಹಣ ಮಾಯ. ಬೋನಸ್ ಶೇರುಗಳು ಖಾತೆಗೆ ಇನ್ನೂ ಬಂದಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಕೈ ನಡುಗಿತು. ಐದು ನಿಮಿಷಕ್ಕೆ ವಿಷಯ ನೆನಪಾಯಿತು, ಮಾರಲಿಲ್ಲ.

ಆದರೆ ನಷ್ಟ ಆದದ್ದು ಆಮೇಲೆ. ಸುಳ್ಳು ಮೆಸೇಜ್ ಬಂದು ಹೋಯಿತಲ್ಲ, ಅದು ಕಣ್ಣಿಗೆ ಕಂಡಿತು. ಮೇಲಿನ 1,400ರ ಅಲರ್ಟ್ ಹಾಗೇ ಉಳಿದದ್ದು ಕಾಣಲಿಲ್ಲ. ಬೋನಸ್ ಆದ ಮೇಲೆ ಅದು 700 ಆಗಬೇಕಿತ್ತು. ಶೇರು ಆರು ವಾರದಲ್ಲಿ 700 ದಾಟಿ 718ಕ್ಕೆ ಹೋಗಿ ಮತ್ತೆ 630ಕ್ಕೆ ಬಂತು. ಜಿಟಿಟಿ ಏರಿಸಬೇಕಾಗಿದ್ದವನಿಗೆ ಒಂದು ಮೆಸೇಜೂ ಬರಲಿಲ್ಲ. ಬೋನಸ್, ಸ್ಪ್ಲಿಟ್ ಆದಾಗ ಚಾರ್ಟಿನ ಹಳೆಯ ಬೆಲೆಗಳನ್ನು ಸರಿಪಡಿಸುತ್ತಾರೆ. ನೀವು ಕೈಯಾರೆ ಹಾಕಿದ ಅಂಕಿಯನ್ನು ನೀವೇ ಸರಿಪಡಿಸಬೇಕು. ಜಿಟಿಟಿಯನ್ನೂ ನೋಡಬೇಕು. ಇಂಥ ಸಮಯದಲ್ಲಿ ಅದು ರದ್ದಾಗಿರುತ್ತದೆ, ಹೊಸ ಬೆಲೆಗೆ ಮತ್ತೆ ಹಾಕಬೇಕು. ಹಾಕದಿದ್ದರೆ ಕೆಳಗಿನ ಬೇಲಿಯೇ ಇಲ್ಲ.

ಇಷ್ಟಾದ ಮೇಲೆ ಚಿಕ್ಕಪ್ಪನ ಪದ್ಧತಿಯನ್ನು ನಾನೂ ತಂದುಕೊಂಡೆ. ದಿನಾ ಒಂದು ಸಲ ಮಾತಾಡಿಸುವುದು. ನಿಫ್ಟಿಯ ದಿನದ ಚಾರ್ಟಿಗೆ ಒಂದು ಅಲರ್ಟ್ ಹಾಕಿದ್ದೇನೆ. ಷರತ್ತು: ಬೆಲೆ 1ಕ್ಕಿಂತ ಜಾಸ್ತಿ ಇರಬೇಕು. `Once Per Bar`. ನಿಫ್ಟಿ ಒಂದಕ್ಕಿಂತ ಜಾಸ್ತಿ ಇದ್ದೇ ಇರುತ್ತದೆ. ಹಾಗಾಗಿ ಪೇಟೆ ತೆರೆದ ದಿನವೆಲ್ಲ ಬೆಳಿಗ್ಗೆ 9:15ಕ್ಕೆ ಇದು ಸದ್ದು ಮಾಡಲೇಬೇಕು. ಮೆಸೇಜ್ "ಕಾವಲು ಎದ್ದಿದೆ" ಅಂತ. ಅದು ಬಂದರೆ ಸರ್ವರ್, ಇಂಟರ್ನೆಟ್, ಫೋನ್ ಮೂರೂ ಸರಿ ಇವೆ ಅಂತ ಅರ್ಥ. ಬರಲಿಲ್ಲ ಅಂದರೆ ರಜೆ ಇರಬೇಕು, ಇಲ್ಲವೇ ಎಲ್ಲೋ ಕೆಟ್ಟಿರಬೇಕು. ಒಂದೊಂದು ಅಲರ್ಟ್ ಸರಿಯಾದ ಬೆಲೆಯಲ್ಲಿದೆಯಾ ಅಂತ ಇದು ಹೇಳುವುದಿಲ್ಲ. ದಾರಿ ತೆರೆದಿದೆ ಅಂತ ಮಾತ್ರ ಹೇಳುತ್ತದೆ. ಕ್ಲಾಸಿಗೆ ಹೋಗುವ ಹದಿನೈದು ನಿಮಿಷದ ಮುಂಚೆ ನನಗೆ ಬೇಕಾದದ್ದು ಅಷ್ಟೇ.

ಮೊದಲ ತಿಂಗಳಲ್ಲೇ ಅದು ಎರಡು ಸಲ ಬರಲಿಲ್ಲ. ಒಂದು ಸಲ ಹಬ್ಬದ ರಜೆ. ಇನ್ನೊಂದು ಸಲ ಫೋನಿನ ಬ್ಯಾಟರಿ ಉಳಿಸುವ ವ್ಯವಸ್ಥೆ ಆ್ಯಪನ್ನು ಮಲಗಿಸಿತ್ತು. ಒಂದಷ್ಟು ದಿನ ತೆರೆಯದ ಆ್ಯಪುಗಳನ್ನು ಕೆಲವು ಆಂಡ್ರಾಯ್ಡ್ ಫೋನುಗಳು ಹೀಗೆ ಹಿನ್ನೆಲೆಯಲ್ಲಿ ಓಡದ ಹಾಗೆ ನಿಲ್ಲಿಸುತ್ತವೆ. ನೋಡಿ, ಪರದೆ ನೋಡುವುದನ್ನು ಬಿಟ್ಟವನಿಗೇ ಈ ತೊಂದರೆ ಜಾಸ್ತಿ. ಫೋನಿನ ಸೆಟ್ಟಿಂಗ್‌ನಲ್ಲಿ ಆ ಆ್ಯಪಿನ ಬ್ಯಾಟರಿ ಬಳಕೆಯನ್ನು `Unrestricted` ಮಾಡಬೇಕು. ಡಿಸ್ಟರ್ಬ್ ಮಾಡಬೇಡ ಅನ್ನುವ ಮೋಡಿನಲ್ಲೂ ಅದಕ್ಕೆ ವಿನಾಯಿತಿ ಕೊಡಬೇಕು. ನಾನು ಇಮೇಲಿಗೂ ಮೆಸೇಜ್ ಹೋಗುವ ಹಾಗೆ ಇಟ್ಟಿದ್ದೇನೆ. ಸಂಜೆ ಇಮೇಲ್ ಮತ್ತು ಅಲರ್ಟ್ ಲಾಗ್ ಎರಡನ್ನೂ ಪಕ್ಕಪಕ್ಕ ನೋಡಿದರೆ ಫೋನಿಗೆ ಬಾರದೇ ಹೋದದ್ದು ತಿಳಿಯುತ್ತದೆ.

ಈ ಏರ್ಪಾಡಿಗೆ ದೊಡ್ಡ ಪರೀಕ್ಷೆ ಬಂದದ್ದು 2024ರ ಜೂನ್ 4ರಂದು, ಲೋಕಸಭೆ ಫಲಿತಾಂಶದ ದಿನ. ಹಿಂದಿನ ದಿನ ಮೂರು ಪರ್ಸೆಂಟ್‌ಗಿಂತ ಜಾಸ್ತಿ ಏರಿದ್ದ ನಿಫ್ಟಿ ಅವತ್ತು ಸುಮಾರು ಆರು ಪರ್ಸೆಂಟ್ ಕುಸಿದು 21,884ಕ್ಕೆ ಮುಚ್ಚಿತು. ಎಲ್ಲರೂ ಸ್ಟಾಫ್ ರೂಮಿನಲ್ಲಿ ಫಲಿತಾಂಶ ನೋಡುತ್ತಿದ್ದರು. ನನ್ನ ಫೋನಿಗೆ ಹನ್ನೆರಡು ಗಂಟೆಯೊಳಗೆ ಐದು ಜಿಟಿಟಿ ಮೆಸೇಜ್ ಬಂತು. 3:30ಕ್ಕೆ ಇನ್ನೂ ಆರು, ಇಎಂಎ ಕೆಳಗೆ ಮುಚ್ಚಿದ್ದಕ್ಕೆ. ಒಂದೇ ದಿನ ಹನ್ನೊಂದು. ಹದಿನಾಲ್ಕು ಶೇರು ಅಂದುಕೊಂಡಿದ್ದೆ, ಅವತ್ತು ಅವು ಹದಿನಾಲ್ಕಾಗಿರಲಿಲ್ಲ, ಒಂದೇ ಶೇರಿನ ಹಾಗೆ ಬಿದ್ದವು. ಬೇರೆ ಬೇರೆ ಅಲರ್ಟ್ ಹಾಕಿದ ಮಾತ್ರಕ್ಕೆ ಅಪಾಯ ಬೇರೆ ಬೇರೆ ಆಗುವುದಿಲ್ಲ.

ಐದು ಜಿಟಿಟಿ ಪೂರ್ತಿ ಆದವು, ನಷ್ಟ ಲೆಕ್ಕ ಹಾಕಿದಷ್ಟೇ. ಆ ಆರನ್ನು ನಿಯಮದ ಪ್ರಕಾರ ಮರುದಿನ ಬೆಳಿಗ್ಗೆ ಮಾರಬೇಕಿತ್ತು. ನಾಲ್ಕನ್ನು ಮಾರಿದೆ. ಎರಡನ್ನು, ತೆರೆದ ಕೂಡಲೇ ಗೆರೆಯ ಮೇಲೆ ಹೋಗಿದ್ದರಿಂದ ಉಳಿಸಿಕೊಂಡೆ. ಜೂನ್ 5ರಂದು ನಿಫ್ಟಿ ಮೂರು ಪರ್ಸೆಂಟ್‌ಗಿಂತ ಜಾಸ್ತಿ ಏರಿತು. ಮಾರಿದ ಕೆಲವು ಶೇರುಗಳು ವಾರದೊಳಗೆ ಕೊಂಡ ಬೆಲೆಗಿಂತ ಮೇಲೆ ಹೋದವು. ಅದು ನನಗೆ ಬೇಜಾರಾಯಿತು, ಈಗಲೂ ಸ್ವಲ್ಪ ಇದೆ. ಆದರೆ 4ನೇ ತಾರೀಕು ಮಧ್ಯಾಹ್ನ 5ನೇ ತಾರೀಕು ಏನಾಗುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅವತ್ತಿನ ಮೇಲೆ ಒಂದು ಬದಲಾವಣೆ ಮಾಡಿದೆ. ನಿಫ್ಟಿ ಹಿಂದಿನ ದಿನದ ಕ್ಲೋಸಿಂಗ್‌ಗಿಂತ ಎರಡು ಪರ್ಸೆಂಟ್ ಕೆಳಗೆ ಹೋದರೆ ಒಂದು ಬೇರೆ ಮೆಸೇಜ್ ಬರುತ್ತದೆ: "ಇದು ಪೇಟೆಯ ದಿನ, ಶೇರಿನ ದಿನ ಅಲ್ಲ. ಜಿಟಿಟಿ ಮುಟ್ಟಬೇಡ. ಹೊಸದು ಕೊಳ್ಳಬೇಡ."

ಈಗ ನನ್ನ ಕೆಲಸ ಭಾನುವಾರ ಸಂಜೆ ನಲವತ್ತು ನಿಮಿಷ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಶೇರಿಗೂ ಒಂದು ಸಾಲು: ಜಿಟಿಟಿ ಎಷ್ಟು, ಮೇಲಿನ ಅಲರ್ಟ್ ಎಷ್ಟು, ಮುಂದಿನ ಎಕ್ಸ್ ಡೇಟ್ ಇದೆಯಾ. ಆ್ಯಪಿನಲ್ಲಿರುವುದನ್ನು ನೋಟ್‌ಬುಕ್ಕಿನ ಜೊತೆ ಒಂದೊಂದಾಗಿ ತಾಳೆ ನೋಡುತ್ತೇನೆ. ಅವಧಿ ಮುಗಿಯುತ್ತಿರುವ ಅಲರ್ಟ್‌ಗಳನ್ನು ಮುಂದೂಡುತ್ತೇನೆ. ಮಾರಿದ ಶೇರಿನ ಅಲರ್ಟ್ ಉಳಿದಿದ್ದರೆ ಅಳಿಸುತ್ತೇನೆ, ಯಾಕೆಂದರೆ ಈಗ ನನ್ನದಲ್ಲದ ಶೇರಿಗೆ ಸದ್ದು ಬಂದರೆ ಉಳಿದ ಸದ್ದುಗಳ ಮೇಲೂ ಗಮನ ಕಡಿಮೆ ಆಗುತ್ತದೆ.

ಹೋದ ಭಾನುವಾರ ತಾಳೆ ನೋಡುವಾಗ ಒಂದು ಶೇರಿಗೆ ಈ ಗುರುವಾರ ಸ್ಪ್ಲಿಟ್ ಇರುವುದು ಸಿಕ್ಕಿತು. ಹತ್ತು ರೂಪಾಯಿ ಮುಖಬೆಲೆ ಎರಡು ರೂಪಾಯಿ ಆಗುತ್ತದೆ, ಅಂದರೆ ಎಲ್ಲ ಅಂಕಿಗಳೂ ಐದನೇ ಒಂದು ಭಾಗ. 905ರ ಜಿಟಿಟಿ 181 ಆಗಬೇಕು, 1,060ರ ಅಲರ್ಟ್ 212. ಪೆನ್ಸಿಲಿನಲ್ಲಿ ಪಕ್ಕಕ್ಕೆ ಬರೆದಿಟ್ಟಿದ್ದೇನೆ. ಬುಧವಾರ ಸಂಜೆ ಹಳೆಯದನ್ನು ಅಳಿಸಬೇಕು. ಗುರುವಾರ 9:15ಕ್ಕೆ "ಕಾವಲು ಎದ್ದಿದೆ" ಬಂದ ಮೇಲೆ, ಕ್ಲಾಸಿಗೆ ಹೋಗುವ ಮುಂಚೆ, ಹೊಸದನ್ನು ಹಾಕಬೇಕು.